ಮೂಗಪ್ಪನ ಮೂಗೂ ಹಿತ್ತಾಳೆಯ ರಿಂಗೂ

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಅದು ಮನೆಯ ಕರೆಂಟ್ ಬಿಲ್ಲಿನಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಬಸ್ ಡಿಪೋದ ಹಿಂದಿನ ರಸ್ತೆಯಲ್ಲಿ ಅವನೂ ಅವನ ತಮ್ಮನೂ ಸೇರಿ ನಡೆಸುತ್ತಿದ್ದ ಗ್ಯಾರೇಜಿಗೆ ಬರುವವರೆಲ್ಲ ಅವನನ್ನು ಎದುರಿಗೆ ‘ಮೇಸ್ತ್ರಿ’ ಅನ್ನುತ್ತಿದ್ದರು, ಬೆನ್ನ ಹಿಂದೆ ‘ಮೂಗಪ್ಪ’ ಅನ್ನುತ್ತಿದ್ದರು. ಬೆನ್ನ ಹಿಂದಿನದು ಅವನಿಗೂ ಗೊತ್ತಿತ್ತು. ಅದು ಬೈಗುಳವಲ್ಲ, ಬಿರುದು ಅಂತಲೇ ಅವನು ತಿಳಿದಿದ್ದ.

ಮೂಗು ನೋಡಲಿಕ್ಕೆ ಸಾಧಾರಣದ್ದೇ. ಆದರೆ ಕಾರು ಇನ್ನೂ ರಸ್ತೆಯ ತಿರುವಿನಲ್ಲಿರುವಾಗಲೇ “ಕ್ಲಚ್ ಪ್ಲೇಟ್ ಸುಟ್ಟಿದೆ, ಜಾಗ ಮಾಡು” ಅಂತ ತಮ್ಮನಿಗೆ ಹೇಳುತ್ತಿದ್ದ. ಕೂಲಂಟ್ ಸೋರಿದರೆ ಬಾನೆಟ್ ಎತ್ತುವ ಮೊದಲೇ ಗೊತ್ತಾಗುತ್ತಿತ್ತು. ಗ್ಯಾರೇಜಿನಲ್ಲಿ ಮುಖ್ಯವಾಗಿ ಆಗುತ್ತಿದ್ದ ಕೆಲಸ ಗೇರ್‌ಬಾಕ್ಸಿನದು ಮತ್ತು ಹಿಂದಿನ ಚಕ್ರಗಳನ್ನು ತಿರುಗಿಸುವ ಆಕ್ಸಲ್‌ನದು. ಎರಡಕ್ಕೂ ಬೇರೆಬೇರೆ ಎಣ್ಣೆ. ಗೋಡೆಯ ಪಕ್ಕ ಎರಡು ಬ್ಯಾರಲ್, ಅವುಗಳಿಂದ ತುಂಬಿಸಿಟ್ಟ ಉದ್ದ ಮೂತಿಯ ಎರಡು ತಗಡಿನ ಕ್ಯಾನು. ಕ್ಯಾನುಗಳ ಮೇಲೆ ಏನೂ ಬರೆದಿರಲಿಲ್ಲ. ಯಾರಾದರೂ ಕೇಳಿದರೆ, “ಮೂಗಿಲ್ಲದವರು ಚೀಟಿ ಅಂಟಿಸ್ಕೋತಾರೆ” ಅನ್ನುತ್ತಿದ್ದ.

ಎಣ್ಣೆಗಳೆರಡೂ ಒಂದೇ ದಪ್ಪದವು, ಹೆಚ್ಚುಕಡಿಮೆ ಒಂದೇ ಬಣ್ಣದವು. ಸುರಿದರೆ ಒಂದೇ ಥರ ಎಳೆಯಾಗಿ ಇಳಿಯುತ್ತಿದ್ದವು. ವ್ಯತ್ಯಾಸ ಇದ್ದದ್ದು ಒಳಗೆ ಬೆರೆಸಿದ ಗಂಧಕದಲ್ಲಿ. ಗೇರ್‌ಬಾಕ್ಸಿಗೆ ಹಾಕುವುದು ನಾಲ್ಕನೇ ದರ್ಜೆಯದು. ಆಕ್ಸಲ್ಲಿಗೆ ಹಾಕುವ ಐದನೇ ದರ್ಜೆಯದರಲ್ಲಿ ಗಂಧಕದ ಮದ್ದು ಸುಮಾರು ಎರಡರಷ್ಟು. ಮೂಗಪ್ಪ ಮುಚ್ಚಳ ತೆಗೆದು ಒಂದು ಸಲ ಉಸಿರೆಳೆದರೆ ಸಾಕು, ಯಾವುದು ಯಾವುದೆಂದು ಹೇಳಿಬಿಡುತ್ತಿದ್ದ. ಐದನೆಯದರ ವಾಸನೆ ಕೊಳೆತ ಮೊಟ್ಟೆಯನ್ನು ಹಳೇ ಈರುಳ್ಳಿ ಚೀಲದಲ್ಲಿ ಸುತ್ತಿಟ್ಟ ಹಾಗೆ ಅಂತ ಅವನ ವರ್ಣನೆ. ನಾಲ್ಕನೆಯದು ಬರೀ ಈರುಳ್ಳಿ ಚೀಲ.

ಒಂದು ಚಳಿಗಾಲ ಅವನಿಗೆ ಜ್ವರ, ನೆಗಡಿ ಬಂತು. ನಾಲ್ಕು ದಿನ ಮಲಗಿ ಎದ್ದ. ಜ್ವರ ಹೋಯಿತು, ನೆಗಡಿ ಹೋಯಿತು, ಅವುಗಳ ಜೊತೆ ವಾಸನೆಯೂ ಹೋಯಿತು. ಕ್ಯಾನಿನ ಮುಚ್ಚಳ ತೆಗೆದು ಮೂಗೊಡ್ಡಿದ. ನೀರಿನ ಕೊಡದೊಳಗೆ ಮೂಗಿಟ್ಟ ಹಾಗಿತ್ತು. ಇನ್ನೊಂದನ್ನು ತೆಗೆದ. ಅದೂ ಹಾಗೇ. ತಮ್ಮ ಅತ್ತ ಬರುತ್ತಿರುವುದು ಕಂಡು, ಎಂದಿನಂತೆ ಹುಬ್ಬು ಗಂಟಿಕ್ಕಿ, “ಹ್ಞೂಂ” ಅಂದ.

ನಾಳೆ ಸರಿಹೋದೀತು ಅಂದುಕೊಂಡ. ನಾಳೆಗಳು ಹೋದವು. ಯಾರಿಗೂ ಹೇಳಲಿಲ್ಲ. ಕಣ್ಣು ಮಂಜಾಯಿತು ಅಂತ ಹೇಳಿಕೊಳ್ಳುವುದಕ್ಕೆ ಯಾರಿಗೂ ನಾಚಿಕೆಯಿಲ್ಲ. ಮೂಗಪ್ಪನಿಗೆ ಮೂಗೇ ಹೋಯಿತು ಅಂತ ಹೇಳುವುದು ಹೇಗೆ? ಎಡಗಡೆಯ ಕ್ಯಾನು ಗೇರ್‌ಬಾಕ್ಸಿನದು, ಬಲಗಡೆಯದು ಆಕ್ಸಲ್ಲಿನದು ಅಂತ ಮನಸ್ಸಿನಲ್ಲೇ ಗೊತ್ತುಮಾಡಿಕೊಂಡ. ಸುರಿಯುವ ಮೊದಲು ಎಂದಿನಂತೆ ಮೂಸಿ ನೋಡುವುದನ್ನು ಮಾತ್ರ ಬಿಡಲಿಲ್ಲ. ನೋಡುವವರಿಗೆ ಏನೂ ಬದಲಾಗಿರಲಿಲ್ಲ.

ಮನೆಯಲ್ಲೂ ಹಾಗೇ ನಡೆಸಿಕೊಂಡು ಬಂದ. ಹೆಂಡತಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಒಂದು ಬೆಳಿಗ್ಗೆ ಡ್ಯೂಟಿಗೆ ಹೊರಡುವ ಗಡಿಬಿಡಿಯಲ್ಲಿ ಅವಳು ಹಾಲು ಸೀಯಿಸಿದಳು. ಅದೇ ಹಾಲಿನ ಕಾಫಿಯನ್ನು ಅವನು ಕೊನೆಯ ಗುಟುಕಿನವರೆಗೆ ಕುಡಿದು, “ಇವತ್ತು ಚೆನ್ನಾಗಿದೆ ಕಣೇ” ಅಂದ. ಅವಳು ಅವನ ಮುಖವನ್ನೇ ಒಂದು ಗಳಿಗೆ ನೋಡಿ, ಚೀಲ ಹೆಗಲಿಗೇರಿಸಿಕೊಂಡು ಹೋದಳು.

ಆ ಸುಮಾರಿಗೇ ಡ್ರೈವಿಂಗ್ ಸ್ಕೂಲಿನ ಮೇಡಂ ತಮ್ಮ ಕಾರು ತಂದರು. ಅವರು ಒಬ್ಬರೇ ನಡೆಸುವ ಸ್ಕೂಲು, ಒಂದೇ ಕಾರು. ಕಾರು ಹಳೆಯದು, ಗಟ್ಟಿಮುಟ್ಟಾದದ್ದು, ಹಿಂದಿನ ಚಕ್ರಗಳಿಂದ ಓಡುವಂಥದ್ದು. ಊರಿನ ಅರ್ಧ ಜನ ಅದರಲ್ಲೇ ಕಲಿತು, ಅದರಲ್ಲೇ ಬೆವೆತು, ಅದರಿಂದಲೇ ಇಳಿದು ಲೈಸೆನ್ಸ್ ತೆಗೆದುಕೊಂಡಿದ್ದರು. ಗೇರ್‌ಬಾಕ್ಸಿನ ಹಿಂದಿನ ಸೀಲು ಸೋರುತ್ತಿತ್ತು. ಮೂಗಪ್ಪ ಸೀಲು ಬದಲಾಯಿಸಿ, ಎಡಗಡೆಯ ಕ್ಯಾನು ತೆಗೆದು, ಮೂಸಿ, “ಹ್ಞೂಂ” ಅಂದು, ಹೊಸ ಎಣ್ಣೆ ಸುರಿದು ಕಳಿಸಿದ.

ಮೂರ್ನಾಲ್ಕು ತಿಂಗಳ ಮೇಲೆ ಮೇಡಂ ಮತ್ತೆ ಬಂದರು. ಕಾರು ನಿಲ್ಲಿಸಿ, ಇಳಿಯದೆ, ಕಿಟಕಿಯಿಂದಲೇ ಮಾತಾಡಿದರು.

“ಮೇಸ್ತ್ರೀ, ಎರಡನೇ ಗೇರ್ ಕಿರುಚ್ತಾ ಇದೆ.”

“ಯಾರ ಕೈಯಲ್ಲಿ?”

“ಮೊದಲು ಟೈಲರ್ ಕೈಯಲ್ಲಿ. ಬಟ್ಟೆ ಅಂಗಡಿ ಪಕ್ಕ ಹೊಲೀತಾರಲ್ಲ, ಅವರು. ಅರವತ್ತು ದಾಟಿದ ಮೇಲೆ ಕಲೀಬೇಕು ಅನ್ನಿಸ್ತಂತೆ. ಕ್ಲಚ್ಚನ್ನ ಹೊಲಿಗೆ ಮೆಷಿನ್ ಥರ ತುಳೀತಾರೆ. ಕರ್ರ್ ಅಂದಾಗಲೆಲ್ಲ ನಾನು ಅವರನ್ನೇ ಬೈದೆ. ಕೊನೆಗೆ, ನಿಮಗಿದು ಆಗಲ್ಲ ಬಿಡಿ ಅಂದೆ. ಬಿಟ್ಟರು.”

“ಆಮೇಲೆ?”

“ಆಮೇಲೆ ಎಲ್ಲರ ಕೈಯಲ್ಲೂ ಕಿರುಚಿತು. ಈಗ ನನ್ನ ಕೈಯಲ್ಲೂ ಕಿರುಚ್ತಿದೆ.” ಇಪ್ಪತ್ತು ವರ್ಷದಿಂದ ಪಾಠ ಹೇಳುತ್ತಿದ್ದವರು ಈ ಮಾತನ್ನು ಕೆಳದನಿಯಲ್ಲಿ ಹೇಳಿದರು. “ನ್ಯೂಟ್ರಲ್ಲಿಗೆ ತಂದು, ಕ್ಲಚ್ ಬಿಟ್ಟು, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಹಾಕಿದರೆ ಸದ್ದಿಲ್ಲದೆ ಬೀಳುತ್ತೆ. ಸೀದಾ ಹಾಕಿದರೆ ಕಿರುಚುತ್ತೆ.”

ಇಷ್ಟು ಕೇಳಿದ ಮೇಲೆ ಮೂಗಪ್ಪನಿಗೆ ಇನ್ನೇನೂ ಕೇಳುವುದು ಉಳಿದಿರಲಿಲ್ಲ. ಕ್ಲಚ್ ಸರಿಯಿದೆ, ಕೆಟ್ಟಿರುವುದು ಸಿಂಕ್ರೋ ರಿಂಗು. ಗೇರ್ ಹಾಕುವಾಗ ತಿರುಗುತ್ತಿರುವ ಉಕ್ಕಿನ ಗೇರಿನ ಕೊರಳನ್ನು ಅಪ್ಪಿ ಹಿಡಿದು, ಎರಡರ ವೇಗವನ್ನೂ ಸಮಮಾಡುವ ಹಿತ್ತಾಳೆಯ ಉಂಗುರ ಅದು. ಉಂಗುರಕ್ಕೆ ಹಿಡಿತ ತಪ್ಪಿದರೆ ಹಲ್ಲಿಗೆ ಹಲ್ಲು ಬಡಿಯುತ್ತದೆ. ಎರಡು ಸಲ ಕ್ಲಚ್ ಒತ್ತಿ ಹಾಕುವಾಗ ಮೇಡಂ ಆ ಉಂಗುರದ ಕೆಲಸವನ್ನು ತಮ್ಮ ಕಾಲಿನಿಂದಲೇ ಮಾಡುತ್ತಿದ್ದರು.

“ಬಿಚ್ಚಿ ನೋಡ್ತೀನಿ” ಅಂದ.

ಮರುದಿನ ಗೇರ್‌ಬಾಕ್ಸ್ ಇಳಿಸುವ ಮೊದಲು ಕೆಳಗಿನ ಬಿರಟೆ ತೆಗೆದು ಎಣ್ಣೆಯನ್ನು ಬಾಣಲೆಗೆ ಬಿಟ್ಟ. ಬಿಸಿಲಿಗೆ ಹಿಡಿದರೆ ಎಣ್ಣೆಯೊಳಗೆ ಬಂಗಾರದ ಪುಡಿ ತೇಲಿದ ಹಾಗೆ ಮಿಣಮಿಣ. ಬಿರಟೆಯ ಮೇಲಿನ ಅಯಸ್ಕಾಂತ ಸ್ವಚ್ಛವಾಗಿತ್ತು. ಉಕ್ಕು ಸವೆದಿದ್ದರೆ ಅದಕ್ಕೆ ಅಂಟಿರುತ್ತಿತ್ತು. ಹಿತ್ತಾಳೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಆ ಎಣ್ಣೆಯಲ್ಲಿ ಒಂದು ಬಾಟಲಿಯಷ್ಟನ್ನು, ಯಾಕೆಂದು ತನಗೇ ಹೇಳಿಕೊಳ್ಳದೆ, ಪಕ್ಕಕ್ಕೆ ಎತ್ತಿಟ್ಟ.

ರಿಂಗುಗಳನ್ನು ತೆಗೆದು ಬಟ್ಟೆಯ ಮೇಲೆ ಸಾಲಾಗಿಟ್ಟ. ಹಿತ್ತಾಳೆ ಹಳದಿಯಾಗಿರಲಿಲ್ಲ. ಗ್ಯಾಸ್ ಒಲೆಯ ಮೇಲೆ ಮರೆತ ಪಾತ್ರೆಯ ತಳದ ಹಾಗೆ ಕಪ್ಪು ತಿರುಗಿತ್ತು. ಒಳಮೈಯ ಸಣ್ಣ ಗೀರುಗಳು ಉಗುರಿಗೆ ಸಿಗದಷ್ಟು ಸವೆದಿದ್ದವು. ಎರಡನೇ ಗೇರಿನ ರಿಂಗನ್ನು ಅದರ ಕೊರಳಿಗೆ ಒತ್ತಿ ತಿರುಗಿಸಿದ. ಹಿಡಿಯಬೇಕಿತ್ತು. ಜಾರಿತು. ರಿಂಗಿಗೂ ಗೇರಿನ ಹಲ್ಲಿಗೂ ನಡುವೆ ಇರಬೇಕಾದ ಸಂದಿಯೇ ಇರಲಿಲ್ಲ.

ತಮ್ಮ ಬಗ್ಗಿ ನೋಡಿದ. “ಕಲಿಯೋರ ಕಾರು ಅಲ್ವಾ ಅಣ್ಣ, ತಿಂದುಹಾಕಿದ್ದಾರೆ. ಪಾಪ, ಎಷ್ಟು ಜನರ ಕಾಲು ತಡ್ಕೊಳ್ಳುತ್ತೆ ಅದು?”

ಮೂಗಪ್ಪ ರಿಂಗನ್ನು ಬೆಳಕಿಗೆ ಹಿಡಿದ. ತಮ್ಮ ಹೇಳಿದ್ದನ್ನು ಮೇಡಂಗೆ ಹೇಳಿದರೆ ಅವರೂ ಒಪ್ಪುತ್ತಿದ್ದರು, ಟೈಲರೂ ಒಪ್ಪುತ್ತಿದ್ದರು. ಇಡೀ ಊರೇ ಒಪ್ಪುತ್ತಿತ್ತು. ಕಲಿಯುವವರು ಹಾಳುಮಾಡಿದರು ಅನ್ನುವುದನ್ನು ನಂಬಲಿಕ್ಕೆ ಯಾರಿಗೂ ಸಾಕ್ಷಿ ಬೇಕಿಲ್ಲ. ಆದರೆ ಕಾಲಿನಿಂದ ರಿಂಗು ಸವೆಯುತ್ತದೆ, ಕಪ್ಪಾಗುವುದಿಲ್ಲ.

ಗೋಡೆಯ ಪಕ್ಕ ಕ್ಯಾನುಗಳು ನಿಂತಿದ್ದವು. ಎಡಗಡೆಯದು ಎಡಕ್ಕೆ, ಬಲಗಡೆಯದು ಬಲಕ್ಕೆ. ಅವು ಯಾವತ್ತೂ ಹಾಗೇ ನಿಂತಿದ್ದವಾ? ದಿನಕ್ಕೆರಡು ಸಲ ನೆಲ ಒರೆಸುವವನು ತಮ್ಮ. ಒರೆಸಿದ ಮೇಲೆ ಕ್ಯಾನುಗಳನ್ನು ವಾಪಸ್ ಇಡುವವನೂ ಅವನೇ. ಯಾವ ಕ್ಯಾನಿನಲ್ಲಿ ಯಾವ ಎಣ್ಣೆ ಅಂತ ಅವನನ್ನು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಆ ಒಂದು ಮಾತು ಬಾಯಿಗೆ ಬರಲಿಲ್ಲ.

ವಾರದ ರಜೆಯ ದಿನ ಅವನು ಮೂರು ಬಾಟಲಿಗಳನ್ನು ಮನೆಗೆ ತಂದ. ಎಡ ಕ್ಯಾನಿನದು, ಬಲ ಕ್ಯಾನಿನದು, ಮೇಡಂ ಕಾರಿನ ಗೇರ್‌ಬಾಕ್ಸಿನಿಂದ ಇಳಿಸಿದ್ದು. ಹೆಂಡತಿ ಡ್ಯೂಟಿಗೆ ಹೋಗಿದ್ದಳು. ಹಳೇ ವೈರಿನಿಂದ ತಾಮ್ರದ ತಂತಿ ಬಿಡಿಸಿ, ಎಮರಿ ಕಾಗದದಲ್ಲಿ ಉಜ್ಜಿ ಹೊಸ ನಾಣ್ಯದ ಹಾಗೆ ಹೊಳೆಯಿಸಿದ. ಮೂರು ತಗಡಿನ ಡಬ್ಬಿಗಳಲ್ಲಿ ಮೂರು ಎಣ್ಣೆ, ಒಂದೊಂದರಲ್ಲೂ ಒಂದೊಂದು ತುಂಡು ತಂತಿ. ಡಬ್ಬಿಗಳನ್ನು ಅಗಲ ಪಾತ್ರೆಯ ನೀರಿನಲ್ಲಿ ನಿಲ್ಲಿಸಿ ಒಲೆ ಹಚ್ಚಿದ. ಎಣ್ಣೆ ಕಂಪನಿಯವರು ತಾಮ್ರದ ಪಟ್ಟಿಯನ್ನು ಬಿಸಿ ಎಣ್ಣೆಯಲ್ಲಿ ಗಂಟೆಗಟ್ಟಲೆ ಮುಳುಗಿಸಿಟ್ಟು ಬಣ್ಣ ನೋಡುತ್ತಾರೆ ಅಂತ ಹಿಂದೊಮ್ಮೆ ಎಣ್ಣೆ ಮಾರುವವನೊಬ್ಬ ಹೇಳಿದ್ದ. ಆಗ ಮೂಗಪ್ಪ, “ಅವರಿಗೆ ಮೂಗಿಲ್ವಾ?” ಅಂತ ಕೇಳಿದ್ದ.

ಊಟ ಮುಗಿಸಿ ಪಾತ್ರೆಗೆ ಆಗಾಗ ನೀರು ಸೇರಿಸುತ್ತ, ಅಡುಗೆಮನೆಯ ಸ್ಟೂಲಿನ ಮೇಲೆ ಕೂತ. ಪೇಪರ್ ಓದಿದ. ಪದಬಂಧದಲ್ಲಿ ಅಡ್ಡ ಸಾಲು ಮುಗಿಸಿ ಉದ್ದ ಸಾಲಿಗೆ ಕೈಹಾಕಿದ. ಸಂಜೆಯ ಕಾಫಿ ಹೊತ್ತಿಗೆ ಹೊರಗೆ ಗೇಟಿನ ಸದ್ದಾಯಿತು, ಆಮೇಲೆ ಪಕ್ಕದ ಮನೆಯಾಕೆಯ ದನಿ, ಆಮೇಲೆ ಹೆಂಡತಿಯ ದನಿ, ಆಮೇಲೆ ಬೇಗಬೇಗ ಬರುವ ಚಪ್ಪಲಿ ಸದ್ದು.

ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

“ಪಕ್ಕದ ಮನೆಯವರು ಚರಂಡಿ ಒಡೆದಿದೆ ಅಂತ ಮುನಿಸಿಪಾಲ್ಟಿಗೆ ಫೋನ್ ಮಾಡಿದ್ದಾರೆ” ಅಂದಳು.

“ಯಾಕೆ?”

ಅವಳು ಹೋಗಿ ಕಿಟಕಿಗಳನ್ನೆಲ್ಲ ತೆಗೆದಳು. ವಾಪಸ್ ಬಂದು ಒಲೆ ಆರಿಸಿ, ಇನ್ನೊಂದು ಸ್ಟೂಲು ಎಳೆದುಕೊಂಡು ಕೂತಳು.

“ನಿಮಗೆ ವಾಸನೆ ಬರಲ್ಲ, ಅಲ್ವಾ?”

ಪೇಪರ್ ಮಡಿಸಿದ. ಮತ್ತೆ ಬಿಡಿಸಿದ. “ಸ್ವಲ್ಪ ಕಡಿಮೆಯಾಗಿದೆ.”

“ಹೋದ ತಿಂಗಳು ನಿಮ್ಮ ದಿಂಬಿನ ಕೆಳಗೆ ಜಜ್ಜಿದ ಬೆಳ್ಳುಳ್ಳಿ ಇಟ್ಟಿದ್ದೆ. ಸುಖವಾಗಿ ನಿದ್ದೆ ಮಾಡಿದ್ರಿ. ನನಗೆ ನಿದ್ದೆ ಬರಲಿಲ್ಲ.”

“ಅಷ್ಟು ದಿನದಿಂದ ಗೊತ್ತಾ ನಿನಗೆ?”

“ಸೀದ ಹಾಲು ಕುಡಿದು ಹೊಗಳಿದ ದಿನದಿಂದ. ನೀವಾಗೇ ಹೇಳ್ತೀರೇನೋ ಅಂತ ಕಾದೆ.”

ಅವನು ಇಕ್ಕಳದಿಂದ ತಂತಿಗಳನ್ನು ಒಂದೊಂದಾಗಿ ಎತ್ತಿ, ಬಟ್ಟೆಯಲ್ಲಿ ಒರೆಸಿ, ಕಿಟಕಿಯ ಕಟ್ಟೆಯ ಮೇಲಿಟ್ಟ. ಎಡ ಕ್ಯಾನಿನದು ಸ್ವಲ್ಪ ಮಾಸಿದ ಕಿತ್ತಳೆ ಬಣ್ಣ. ಬಲ ಕ್ಯಾನಿನದು ಕಪ್ಪು. ಗೇರ್‌ಬಾಕ್ಸಿನಿಂದ ಬಂದದ್ದು, ಅದೂ ಕಪ್ಪು.

“ಏನಿದು?” ಅಂದಳು ಹೆಂಡತಿ, ವಾರ್ಡಿನಲ್ಲಿ ರೋಗಿಯನ್ನು ಕೇಳುವ ದನಿಯಲ್ಲಿ.

ಆಗ ಅವನು ಹೇಳಿದ. ಹೇಳಲಿಕ್ಕೆ ಶುರುಮಾಡಿದ್ದು ಎಣ್ಣೆಯಿಂದ, ಯಾಕೆಂದರೆ ಅದು ಸುಲಭ. “ಹಿಂದಿನ ಆಕ್ಸಲ್ಲಿನಲ್ಲಿ ಹಲ್ಲಿಗೆ ಹಲ್ಲು ಬರೀ ಒತ್ತಲ್ಲ, ಉಜ್ಜಿಕೊಂಡು ಜಾರ್ತಾವೆ. ಇಡೀ ಗಾಡಿ ತಳ್ಳೋ ಭಾರ ಅದರ ಮೇಲೆ. ಎಣ್ಣೆ ನಡುವಿನಿಂದ ಹಿಂಡಿಹೋಗುತ್ತೆ. ಆಗ ಆ ಕಾವಿಗೆ ಗಂಧಕ ಉಕ್ಕಿನ ಮೇಲೆ ಒಂದು ತೆಳು ಪೊರೆ ಕಟ್ಟುತ್ತೆ. ಸವೆಯೋದು ಪೊರೆ, ಉಕ್ಕು ಉಳಿಯುತ್ತೆ. ಅದಕ್ಕೇ ಅಲ್ಲಿ ಗಂಧಕ ಜಾಸ್ತಿ ಬೇಕು.”

“ಗೇರ್‌ಬಾಕ್ಸಿಗೆ?”

“ಅಲ್ಲಿ ಹಿತ್ತಾಳೆ ರಿಂಗಿದೆ. ಹಿತ್ತಾಳೆ ಅಂದರೆ ಅರ್ಧಕ್ಕಿಂತ ಹೆಚ್ಚು ಪಾಲು ತಾಮ್ರವೇ. ಗಂಧಕಕ್ಕೆ ತಾಮ್ರ ಸಿಕ್ಕಿದರೆ ಬಿಡಲ್ಲ. ಕಪ್ಪು ಪೊರೆ ಕಟ್ಟುತ್ತೆ. ಆದರೆ ಆ ಪೊರೆ ಹಿತ್ತಾಳೆಗಿಂತ ಗಟ್ಟಿ. ಪ್ರತಿ ಸಲ ಉಜ್ಜಿದಾಗಲೂ ಪೊರೆ ಏಳುವಾಗ ಕೆಳಗಿನ ಹಿತ್ತಾಳೇನೂ ಕಿತ್ಕೊಂಡೇ ಏಳುತ್ತೆ. ಮೇಲಾಗಿ ಆ ಮದ್ದು ಜಾರಿಕೆ ಬೇರೆ. ರಿಂಗು ಹಿಡಿಯೋಕೆ ಹೋದರೆ ಜಾರುತ್ತೆ. ಈಗಿನ ಕೆಲವು ಐದನೇ ದರ್ಜೆ ಎಣ್ಣೆ ಹಿತ್ತಾಳೆಗೆ ಏನೂ ಮಾಡಲ್ಲವಂತೆ. ನಮ್ಮ ಬ್ಯಾರಲ್ಲಿನದು ಅಂಥದ್ದಲ್ಲ. ಇಲ್ಲೇ ಕಾಣ್ತಿದೆಯಲ್ಲ.”

“ಐದು ಅಂದರೆ ನಾಲ್ಕಕ್ಕಿಂತ ಒಳ್ಳೇದು ಅಂತ ಹಾಕಿದ್ರಾ?”

“ಅಷ್ಟು ದಡ್ಡನಲ್ಲ.” ತಂತಿಯನ್ನು ಬೆರಳಲ್ಲಿ ತಿರುಗಿಸಿದ. “ಆ ದಿನ ಕ್ಯಾನುಗಳು ಅದಲುಬದಲಾಗಿ ನಿಂತಿದ್ದವು. ಗೊತ್ತಾಗದೇ ಹಾಕಿದೆ. ಮೂಸಿ ನೋಡೇ ಹಾಕಿದೆ.”

ಅವಳು ತಂತಿಯನ್ನು ಅವನ ಕೈಯಿಂದ ತೆಗೆದು ಕೆಳಗಿಟ್ಟಳು. ನಾಳೆ ಹತ್ತು ಗಂಟೆಗೆ ಕಿವಿ ಮೂಗಿನ ಡಾಕ್ಟರ್ ಬರುತ್ತಾರೆ, ಒಂಬತ್ತೂವರೆಗೆ ಬಂದು ಕೂತಿರಬೇಕು ಅಂದಳು. ಪಾತ್ರೆ ಇನ್ನು ಮನೆಯೊಳಗೆ ಬರಕೂಡದು, ಗ್ಯಾರೇಜಿನಲ್ಲೇ ಇರಲಿ ಅಂತಲೂ ಅಂದಳು. ಬೈಯಲಿಲ್ಲ. ಅವನಿಗೆ ಬೈದಿದ್ದರೇ ವಾಸಿ ಅನ್ನಿಸಿತು.

ಡಾಕ್ಟರ್ ಮೂಗಿನೊಳಗೆ ದೀಪ ಬಿಟ್ಟು ನೋಡಿ, ಕೆಲವರಿಗೆ ವಾಪಸ್ ಬರುತ್ತೆ, ಕೆಲವರಿಗೆ ಬರಲ್ಲ, ದಿನಾ ನಾಲ್ಕು ಬಗೆಯ ವಾಸನೆ ಮೂಸಿ ಅಭ್ಯಾಸ ಮಾಡಿ ಅಂದರು. ಮೂಗಪ್ಪ ಆಸ್ಪತ್ರೆಯಿಂದ ಸೀದಾ ಗ್ಯಾರೇಜಿಗೆ ಹೋಗಿ, ತಮ್ಮನನ್ನು ಕೂರಿಸಿಕೊಂಡು ಎಲ್ಲ ಹೇಳಿದ.

ತಮ್ಮ ಎದ್ದು ಹೋಗಿ ಎರಡು ಕ್ಯಾನುಗಳನ್ನೂ ತಂದು ಅಣ್ಣನ ಮುಂದಿಟ್ಟ.

“ಅಣ್ಣ, ಹಿಡಿಗೆ ತಂತಿ ಸುತ್ತಿದ್ದು ಆಕ್ಸಲ್ಲಿನದು. ಸುತ್ತದೇ ಇರೋದು ಗೇರ್‌ಬಾಕ್ಸಿನದು. ಹತ್ತು ವರ್ಷದಿಂದ ಹಾಗೇ ತುಂಬಿಸ್ತಿದ್ದೀನಿ.”

ಮೂಗಪ್ಪ ಹಿಡಿಗಳನ್ನು ನೋಡಿದ. ಒಂದಕ್ಕೆ ಬಿಗಿಯಾಗಿ, ನೀಟಾಗಿ ತಂತಿ ಸುತ್ತಿತ್ತು. ಹತ್ತು ವರ್ಷ ಅದೇ ಹಿಡಿಯನ್ನು ಹಿಡಿದು ಸುರಿದಿದ್ದ.

“ನನಗೊಂದು ಮಾತು ಹೇಳಬಾರದಿತ್ತೇನೋ?”

“ನಿನಗೆ ಯಾಕೆ ಹೇಳಲಿ? ನಿನಗೆ ಮೂಗಿತ್ತಲ್ಲ.”

ಆ ಮಧ್ಯಾಹ್ನ ಇಬ್ಬರೂ ಕೂತು, ಜ್ವರ ಬಿಟ್ಟ ಮೇಲೆ ಮೂಗಪ್ಪ ಎಣ್ಣೆ ಹಾಕಿದ ಗಾಡಿಗಳನ್ನೆಲ್ಲ ನೆನಪು ಮಾಡಿಕೊಂಡರು. ಒಂದೊಂದನ್ನೇ ಕರೆಸಿ ಎಣ್ಣೆ ಬದಲಾಯಿಸಿದರು. ಇಳಿಸಿದ ಎಣ್ಣೆಯಲ್ಲಿ ತಂತಿ ಕಾಯಿಸಿ ನೋಡಿದರೆ, ಎಡಬಲದ ಲೆಕ್ಕ ಹೆಚ್ಚಿನ ಸಲ ಸರಿಯಾಗೇ ಬಿದ್ದಿತ್ತು. ಹಾಲಿನ ವ್ಯಾನಿನ ಆಕ್ಸಲ್ಲಿಗೆ ಮಾತ್ರ ಗಂಧಕ ಸಾಲದ ಎಣ್ಣೆ ಹೋಗಿತ್ತು. ಅದು ಇನ್ನೂ ಕೂಗಲು ಶುರುಮಾಡಿರಲಿಲ್ಲ, ಬಚಾವಾಯಿತು. ತಮ್ಮ ಎರಡೂ ಕ್ಯಾನಿಗೆ ದೊಡ್ಡ ಅಕ್ಷರದಲ್ಲಿ ಪೇಂಟಿನಿಂದ ಬರೆದ. ಒಂದಕ್ಕೆ ‘ಗೇರ್‌ಬಾಕ್ಸ್’, ಇನ್ನೊಂದಕ್ಕೆ ‘ಆಕ್ಸಲ್’. ಬರೆಯುವಾಗ ಅಣ್ಣನ ಕಡೆ ನೋಡಲಿಲ್ಲ.

ಮೇಡಂಗೆ ಹೇಳುವುದು ಉಳಿದಿತ್ತು. ಅವರು ಹಳೇ ರಿಂಗುಗಳನ್ನೂ ಕಪ್ಪು ತಂತಿಯನ್ನೂ ಕೈಯಲ್ಲಿ ಹಿಡಿದು ಪೂರ್ತಿ ಕೇಳಿದರು. ಕೊನೆಗೆ ಅಂದರು, “ರಿಂಗು ಹೊಸದು ಹಾಕ್ತೀರಿ, ಅದು ಸರಿ. ಟೈಲರಿಗೆ ಯಾರು ಹೇಳ್ತಾರೆ?”

“ನೀವು ಅವರನ್ನ ಬೈದಿದ್ದು…”

“ನಾನು ಬೈದಿದ್ದು ನಿಮ್ಮ ಎಣ್ಣೆಗೆ. ಬನ್ನಿ, ಇಬ್ಬರೂ ಹೋಗೋಣ.”

ಟೈಲರ್ ಅಂಗಡಿ ಎಂದರೆ ಬಟ್ಟೆ ಅಂಗಡಿಯ ಮೆಟ್ಟಿಲ ಪಕ್ಕದ ಕಿರಿದಾದ ಜಾಗ. ಒಂದು ಮೆಷಿನ್, ಒಂದು ಇಸ್ತ್ರಿ ಟೇಬಲ್. ಟೈಲರ್ ಪ್ಯಾಂಟಿನ ಸೊಂಟಪಟ್ಟಿ ಹೊಲಿಯುತ್ತಿದ್ದರು. ಬಂದವರನ್ನು ಕಂಡು ಕಾಲು ನಿಲ್ಲಿಸಿದರು. ಮೂಗಪ್ಪ ನಿಂತುಕೊಂಡೇ ಹೇಳಿದ. ತಪ್ಪು ಎಣ್ಣೆ ಹಾಕಿದ್ದು ನಾನು, ಅದರಿಂದ ರಿಂಗು ಹಾಳಾಯಿತು, ಗೇರು ಕಿರುಚಿದ್ದು ನಿಮ್ಮಿಂದಲ್ಲ, ಮೇಡಂ ನಿಮ್ಮನ್ನು ಬೈದದ್ದೂ ನನ್ನಿಂದಲೇ ಅಂತ. ಹೇಳಿ ಮುಗಿಸಿದಾಗ ಕುತ್ತಿಗೆಯೆಲ್ಲ ಬೆವೆತಿತ್ತು.

ಟೈಲರ್ ಕನ್ನಡಕ ತೆಗೆದು ಒರೆಸಿದರು. “ಹಾಗಾದರೆ ತಪ್ಪು ನನ್ನದಲ್ಲ.”

“ಎರಡನೇ ಗೇರು ನಿಮ್ಮದಲ್ಲ” ಅಂದರು ಮೇಡಂ. “ಮೂರನೇದಕ್ಕೆ ಹಾಕೋ ಬದಲು ಒಂದಕ್ಕೆ ಹಾಕ್ತಿದ್ದಿರಲ್ಲ, ಅದು ನಿಮ್ಮದೇ.”

ಟೈಲರ್ ಯೋಚಿಸಿದರು. “ಅದು ಒಪ್ತೀನಿ.” ಆಮೇಲೆ ಮೆಷಿನ್ ಕಡೆ ನೋಡುತ್ತ, ಯಾರಿಗೂ ಅಲ್ಲದ ಹಾಗೆ ಅಂದರು, “ಮನೇಲಿ, ವಯಸ್ಸಾಯ್ತು, ಕೈ ಕಾಲು ಮಾತು ಕೇಳಲ್ಲ ಅಂತ ಹೇಳಿಬಿಟ್ಟಿದ್ದೆ. ಅವಳು ಪಾಪ, ಹೋಗಲಿ ಬಿಡಿ, ಬಸ್ಸಿದೆಯಲ್ಲ ಅಂದಳು. ಅವಳಿಗೆ ಮೊಣಕಾಲು ನೋವು, ಬಸ್ ಹತ್ತಕ್ಕಾಗಲ್ಲ. ಅದಕ್ಕೇ ಕಲಿಯೋಕೆ ಬಂದಿದ್ದು.”

ಟೈಲರರ ಅಳತೆ ಟೇಪನ್ನು ಮೇಡಂ ಎತ್ತಿ, ಸುತ್ತಿ, ಟೇಬಲ್ ಮೇಲಿಟ್ಟರು. “ಸೋಮವಾರದಿಂದ ಬನ್ನಿ. ಈ ಸಲ ನಾನು ಬೈಯಲ್ಲ.” ಸ್ವಲ್ಪ ತಡೆದು, “ಕಡಿಮೆ ಬೈತೀನಿ” ಅಂದರು.

ಹಳೇ ಕಾರಿಗೆ ರಿಂಗು ಸುಲಭವಾಗಿ ಸಿಗಲಿಲ್ಲ. ಮೂಗಪ್ಪ ಗುಜರಿಗಳನ್ನು ಸುತ್ತಿದ. ಕೊನೆಗೆ ಪಕ್ಕದೂರಿನ ಮುಚ್ಚಿದ ಸ್ಪೇರ್ ಅಂಗಡಿಯವನ ಮನೆಯ ಅಟ್ಟದಲ್ಲಿ, ಮೇಣಕಾಗದ ಸುತ್ತಿದ ಒಂದು ಸೆಟ್ ಸಿಕ್ಕಿತು. ಅಂಗಡಿಯವನು ಅದನ್ನು ತಾನು ಮರೆತೇಬಿಟ್ಟಿದ್ದ ಯಾವನೋ ನೆಂಟನನ್ನು ನೋಡುವ ಹಾಗೆ ನೋಡಿ ಕೊಟ್ಟ. ಗೇರ್‌ಬಾಕ್ಸ್ ಜೋಡಿಸಿದ ಮೇಲೆ ಎಣ್ಣೆ ಹಾಕಿದವನು ತಮ್ಮ. ಮೂಗಪ್ಪ ಪಕ್ಕದಲ್ಲಿ ನಿಂತು, ಕ್ಯಾನಿನ ಮೇಲೆ ಬರೆದದ್ದನ್ನು ಗಟ್ಟಿಯಾಗಿ ಓದಿದ. ಹಾಗಂತ ತಮ್ಮನ ಕಟ್ಟಪ್ಪಣೆಯಾಗಿತ್ತು.

ವಾಸನೆ ಪೂರ್ತಿ ವಾಪಸ್ ಬರಲಿಲ್ಲ. ಬೆಳಿಗ್ಗೆ ಎದ್ದು ಹೆಂಡತಿ ಹಿಡಿದ ನಿಂಬೆಹಣ್ಣು, ಲವಂಗ, ಕಾಫಿಪುಡಿ, ಸೋಪುಗಳನ್ನು ಕಣ್ಣು ಮುಚ್ಚಿ ಮೂಸುತ್ತಿದ್ದ. ಕೆಲವು ತಿಂಗಳ ಮೇಲೆ ಸೋಪಿನ ವಾಸನೆ ಸಿಕ್ಕಿತು. ಕಾಫಿಪುಡಿ ಒಂದೊಂದು ದಿನ ಸಿಗುತ್ತಿತ್ತು, ಒಂದೊಂದು ದಿನ ಇಲ್ಲ. ಗ್ಯಾರೇಜಿನಲ್ಲಿ ಈಗ ಅವನು ಗೇರ್ ಕೋಲಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ನಡುಕದಲ್ಲೇ ಕಾಯಿಲೆ ಹುಡುಕುವುದನ್ನು ಕಲಿಯುತ್ತಿದ್ದ. ಬರುವವರಿಗೆ ಮೂಗಿನ ವಿಷಯ ತಾನೇ ಹೇಳಿಬಿಡುತ್ತಿದ್ದ. ಮೊದಮೊದಲು ಜನ ನಂಬಲಿಲ್ಲ, ಆಮೇಲೆ ಮರೆತರು. ಹೆಸರನ್ನು ಮಾತ್ರ ಯಾರೂ ಬದಲಾಯಿಸಲಿಲ್ಲ.

ಟೈಲರ್ ಮೊದಲ ಸಲ ಫೇಲಾಗಿ ಎರಡನೇ ಸಲ ಪಾಸಾದರು. ಸೆಕೆಂಡ್ ಹ್ಯಾಂಡ್ ಕಾರೊಂದನ್ನು ಕೊಂಡ ವಾರ ಗ್ಯಾರೇಜಿನ ಮುಂದೆ ಬಂದು ಹಾರ್ನ್ ಹೊಡೆದರು. ಪಕ್ಕದ ಸೀಟಿನಲ್ಲಿ ಅವರ ಹೆಂಡತಿ ಕಾಲು ಚಾಚಿಕೊಂಡು ಕೂತಿದ್ದರು. “ಹತ್ತಿ ಮೇಸ್ತ್ರೀ, ಮನೆಗೆ ಬಿಡ್ತೀನಿ” ಅಂದರು ಟೈಲರ್. ಮೂಗಪ್ಪ ಕೈ ಒರೆಸಿಕೊಂಡು ಹಿಂದೆ ಕೂತ. ಟೈಲರ್ ಎರಡನೇ ಗೇರಿಗೆ ಹಾಕಿದರು. ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಬಿತ್ತು. ಆಮೇಲೆ ಮಾರ್ಕೆಟ್ ದಾಟಿದರೂ, ಸೇತುವೆ ದಾಟಿದರೂ, ಹಿಂದಿನ ಗಾಡಿಗಳೆಲ್ಲ ಹಾರ್ನ್ ಹೊಡೆಯುತ್ತಿದ್ದರೂ ಅವರು ಅದನ್ನು ಬದಲಾಯಿಸಲಿಲ್ಲ. ಎಂಜಿನ್ ಅರಚುತ್ತಿತ್ತು. ಮೂಗಪ್ಪ ಎರಡು ಸಲ ಬಾಯಿ ತೆರೆದು ಎರಡು ಸಲವೂ ಮುಚ್ಚಿಕೊಂಡ. ಟೈಲರ್ ಬೆನ್ನು ನೆಟ್ಟಗೆ ಮಾಡಿ, ಎರಡು ಕೈಯಲ್ಲೂ ಸ್ಟೀರಿಂಗ್ ಹಿಡಿದು, ಎಡಕ್ಕೂ ಬಲಕ್ಕೂ ನೋಡದೆ, ಹೆಂಡತಿಗೆ ಊರು ತೋರಿಸುತ್ತಿದ್ದರು.